ಭಾನುವಾರದ ಸಭೆಗೆ ಬರೆದ ಮಾತು: ನಮ್ಮ 60 ಲಕ್ಷದ ಕಾರ್ಪಸ್ ಎಲ್ಲಿಡೋಣ, ಹೇಗಿಡೋಣ?

ಸಿ-204 (ಖಜಾಂಚಿ)

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ 10ಕ್ಕೆ ನಮ್ಮ ಅಪಾರ್ಟ್‌ಮೆಂಟ್ ಸಂಘದ ಸಾಮಾನ್ಯ ಸಭೆ ಇದೆ. ಅಲ್ಲಿ ನಾನು ಓದಬೇಕೆಂದು ಬರೆದುಕೊಂಡ ಮಾತನ್ನು ಇಲ್ಲಿ ಮೊದಲೇ ಹಾಕುತ್ತಿದ್ದೇನೆ. ಸಭೆಯಲ್ಲಿ ಅರ್ಧ ಕೇಳಿಸಿಕೊಂಡು ಕೈ ಎತ್ತುವುದು ಬೇಡ. ಮನೆಯಲ್ಲಿ ನಿಧಾನವಾಗಿ ಓದಿ, ಒಪ್ಪದೇ ಇರುವುದನ್ನು ಇಲ್ಲೇ ಹೇಳಿ.

ನಮ್ಮ ಕಾರ್ಪಸ್‌ನಲ್ಲಿ, ಅಂದರೆ ದೊಡ್ಡ ಖರ್ಚುಗಳಿಗೆಂದು ಸಂಘ ಕೂಡಿಟ್ಟ ನಿಧಿಯಲ್ಲಿ, ಇವತ್ತು 60 ಲಕ್ಷ ರೂಪಾಯಿ ಇದೆ. 39 ಲಕ್ಷ ಒಂದೇ ಬ್ಯಾಂಕಿನ ಒಂದೇ ಎಫ್‌ಡಿಯಲ್ಲಿದೆ. ಅದು ಮುಂದಿನ ತಿಂಗಳು 14ಕ್ಕೆ ಮುಗಿಯುತ್ತದೆ. ಮಿಕ್ಕ 21 ಲಕ್ಷ ಉಳಿತಾಯ ಖಾತೆಯಲ್ಲಿ ಸುಮ್ನೆ ಕೂತಿದೆ.

ಎರಡು ವರ್ಷದ ಹಿಂದೆ ನಮ್ಮ ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದು ನೆನಪಿರಬೇಕು. ಆಗ ತುರ್ತಾಗಿ 4 ಲಕ್ಷ ಬೇಕಾಯಿತು. ಕೈಯಲ್ಲಿ ಇದ್ದದ್ದು 35 ಲಕ್ಷದ ಒಂದೇ ರಸೀದಿ. 3 ವರ್ಷಕ್ಕೆ ಶೇ 7ರಂತೆ ಇಟ್ಟಿದ್ದು. 14 ತಿಂಗಳಿಗೆ ಅದನ್ನು ಮುರಿಸಿದೆವು. ಬ್ಯಾಂಕಿನವರು 14 ತಿಂಗಳಿಗೆ ಯಾವ ದರವೋ ಅದನ್ನು ಹಿಡಿದರು, ಅಂದರೆ ಶೇ 6.5. ಅದರಲ್ಲಿ ಶೇ 1 ದಂಡ ಕಳೆದು 5.5 ಕೊಟ್ಟರು. ಹೀಗೆ ನಮಗೆ ತಪ್ಪಿದ್ದು ಸುಮಾರು 61 ಸಾವಿರ. ಬೇಕಿದ್ದದ್ದು 4 ಲಕ್ಷ, ಪೆಟ್ಟು ಬಿದ್ದದ್ದು ಇಡೀ 35 ಲಕ್ಷಕ್ಕೆ. 4 ಲಕ್ಷದ್ದೇ ಬೇರೆ ರಸೀದಿ ಇದ್ದಿದ್ದರೆ 7 ಸಾವಿರದಲ್ಲಿ ಮುಗಿಯುತ್ತಿತ್ತು.

ಆ ವರ್ಷ ಸಮಿತಿಯಲ್ಲಿ ನಾನೂ ಇದ್ದೆ. ಅದಕ್ಕೇ ಈ ಸಲ ಬಡ್ಡಿ ದರ ಕೇಳುವ ಮೊದಲು, ಯಾವ ಹಣ ಯಾವಾಗ ಬೇಕು ಎಂದು ಕೂತು ಬರೆದಿದ್ದೇನೆ.

ಮುಂದಿನ ಜನವರಿಗೆ ಹೊರಗೋಡೆ ಪೇಂಟಿಂಗ್ ಇದೆ. ಬಂದಿರುವ ಕೊಟೇಶನ್ ಪ್ರಕಾರ 16 ಲಕ್ಷ. ಇದು ಡಿಸೆಂಬರ್‌ನಲ್ಲಿ ಕೈಗೆ ಸಿಗುವ ಎಫ್‌ಡಿಯಲ್ಲಿರಲಿ. ಇಷ್ಟು ದಿನ ಈ ಹಣವೂ ಉಳಿತಾಯ ಖಾತೆಯಲ್ಲಿದೆ. ಶೇ 2.5ರಂತೆ 16 ಲಕ್ಷಕ್ಕೆ ವರ್ಷಕ್ಕೆ 40 ಸಾವಿರ. ಎಫ್‌ಡಿಯಲ್ಲಿ 6.25 ಸಿಕ್ಕರೂ 1 ಲಕ್ಷ. ಉಳಿತಾಯ ಖಾತೆಯಲ್ಲಿ 5 ಲಕ್ಷ ಮಾತ್ರ ಬಿಡೋಣ, ಪಂಪು, ಮೋಟರು, ಪೈಪು ಅಂತ ದಿಢೀರ್ ಬರುವ ಖರ್ಚಿಗೆ.

ಮಿಕ್ಕ 39 ಲಕ್ಷವನ್ನು ಮೂರು ಪಾಲು ಮಾಡೋಣ, 13 ಲಕ್ಷದಂತೆ. ಒಂದು ಪಾಲು 1 ವರ್ಷಕ್ಕೆ, ಒಂದು 2 ವರ್ಷಕ್ಕೆ, ಇನ್ನೊಂದು 3 ವರ್ಷಕ್ಕೆ. ಮೊದಲನೆಯದು ಮುಗಿದಾಗ ಬೇಕಿಲ್ಲದಿದ್ದರೆ ಅದನ್ನು 3 ವರ್ಷಕ್ಕೆ ಇಡುವುದು. ಹೀಗೆ ಮಾಡಿದರೆ ಪ್ರತಿ ವರ್ಷ 13 ಲಕ್ಷ ದಂಡವಿಲ್ಲದೆ ಕೈಗೆ ಬರುತ್ತದೆ. ದರ ಇಳಿದರೆ ಎಲ್ಲ ಹಣಕ್ಕೂ ಒಂದೇ ದಿನ ಹೊಡೆತ ಬೀಳುವುದಿಲ್ಲ. ಲಿಫ್ಟ್‌ಗಳಿಗೆ 15 ವರ್ಷ ಆಯಿತು, ಮೂರು ವರ್ಷದೊಳಗೆ ಬದಲಿಸಬೇಕಾಗುತ್ತದೆ. ಆ ಹೊತ್ತಿಗೆ ಹಣ ಸಿಗುತ್ತದೆ. ಪ್ರತಿ 13 ಲಕ್ಷವನ್ನೂ 5, 4, 4 ಎಂದು ಮೂರು ರಸೀದಿ ಮಾಡಿಸೋಣ. ಟ್ರಾನ್ಸ್‌ಫಾರ್ಮರ್ ತರಹದ್ದು ಮತ್ತೆ ಬಂದರೆ ಒಂದು ಚಿಕ್ಕ ರಸೀದಿ ಮುರಿದರೆ ಸಾಕು.

ಬ್ಯಾಂಕುಗಳು ಮೂರು ಇರಲಿ. ನನ್ನ ಮನಸ್ಸಿನಲ್ಲಿರುವುದು ದೊಡ್ಡ ಬ್ಯಾಂಕುಗಳೇ.

ಕೆಲವರು ನಮ್ಮ ಬಡಾವಣೆಯಲ್ಲಿರುವ ಸೌಹಾರ್ದ ಸಹಕಾರಿಯಲ್ಲಿ ಶೇ 9.5 ಕೊಡುತ್ತಾರೆ, ಅಲ್ಲಿಡಿ ಎಂದು ಹೇಳಿದ್ದಾರೆ. ನಾನು ಬೇಡ ಎನ್ನುತ್ತೇನೆ. ಅಲ್ಲಿರುವವರು ಕೆಟ್ಟವರು ಎಂದಲ್ಲ. ಬ್ಯಾಂಕ್ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ, ಸೌಹಾರ್ದ ಸಹಕಾರಿಯಲ್ಲಿಟ್ಟ ಹಣಕ್ಕೆ ಅದು ಇಲ್ಲವೇ ಇಲ್ಲ. ಇದು 72 ಮನೆಯವರ ದುಡ್ಡು. ನನ್ನ ಸ್ವಂತದ್ದಾಗಿದ್ದರೆ ಬೇರೆ ಮಾತು.

ಇದರ ಮೇಲೆ ನಿಮ್ಮ ಅಭಿಪ್ರಾಯ ಹೇಳಿ.

ಬಿ-107

ಮೇಡಂ, ಅಂದರೆ ಮುಂದಿನ ತಿಂಗಳಿನಿಂದ ಮೇಂಟೆನೆನ್ಸ್ ಜಾಸ್ತಿ ಆಗುತ್ತಾ? ಹೋದ ವರ್ಷವೇ ಏರಿಸಿದ್ದೀರಿ. ಟ್ಯಾಂಕರ್ ನೀರಿಗೆ ಬೇರೆ ಕಟ್ಟುತ್ತಿದ್ದೇವೆ.

ಸಿ-204 (ಖಜಾಂಚಿ)

ಇಲ್ಲ ಸರ್, ಒಂದು ರೂಪಾಯಿಯೂ ಏರುವುದಿಲ್ಲ. ಈಗಾಗಲೇ ಇರುವ ಹಣವನ್ನು ಎಲ್ಲಿಡಬೇಕು ಅನ್ನುವುದಷ್ಟೇ ಪ್ರಶ್ನೆ. ಟ್ಯಾಂಕರ್ ಲೆಕ್ಕ ಸಭೆಯಲ್ಲಿ ಬೇರೆಯೇ ಇದೆ, ಬಿಲ್ಲುಗಳನ್ನು ತರುತ್ತೇನೆ.

ಬಿ-302

ಆಂಟಿ, ಮೂರು ಪಾಲಿನ ಯೋಚನೆ ಚೆನ್ನಾಗಿದೆ. ಆದರೆ ಎಫ್‌ಡಿಯೇ ಯಾಕೆ? ರಿಸರ್ವ್ ಬ್ಯಾಂಕಿನ ಫ್ಲೋಟಿಂಗ್ ರೇಟ್ ಬಾಂಡ್ ಇದೆಯಲ್ಲ. ಸರ್ಕಾರದ್ದು, ಮುಳುಗುವ ಭಯವೇ ಇಲ್ಲ. ದರವೂ ದೊಡ್ಡ ಬ್ಯಾಂಕುಗಳಿಗಿಂತ ಜಾಸ್ತಿ. ನನ್ನ ಅಪ್ಪ ಅದರಲ್ಲೇ ಇಟ್ಟಿದ್ದಾರೆ. 39 ಲಕ್ಷವನ್ನೂ ಅಲ್ಲಿಟ್ಟರೆ ವಿಮೆಯ ಚರ್ಚೆಯೇ ಬೇಡ ಅಲ್ವಾ?

ಎ-101

ನಾನು 34 ವರ್ಷ ಬ್ಯಾಂಕಿನಲ್ಲಿದ್ದು ಮ್ಯಾನೇಜರ್ ಆಗಿ ನಿವೃತ್ತನಾದವನು. ಒಂದೆರಡು ವಿಷಯ ಹೇಳುತ್ತೇನೆ.

302, ನಿಮ್ಮ ಮಾತು ಅರ್ಧ ಸರಿ. ಸುರಕ್ಷತೆಯಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಅದನ್ನು ವ್ಯಕ್ತಿಗಳು ಮತ್ತು ಹಿಂದೂ ಅವಿಭಕ್ತ ಕುಟುಂಬದವರು ಮಾತ್ರ ಕೊಳ್ಳಬಹುದು. ಸಂಘದ ಹೆಸರಿನಲ್ಲಿ ಕೊಡುವುದಿಲ್ಲ. ಮೇಲಾಗಿ ಅದರ ಅವಧಿ 7 ವರ್ಷ. ನಮ್ಮ ಲಿಫ್ಟ್ 7 ವರ್ಷ ಕಾಯುವುದಿಲ್ಲ. ಸರ್ಕಾರಿ ಸಾಲಪತ್ರ ಕೊಳ್ಳಲು ರಿಸರ್ವ್ ಬ್ಯಾಂಕ್ 2021ರ ನವೆಂಬರ್‌ನಲ್ಲಿ ತೆರೆದ ರಿಟೇಲ್ ಡೈರೆಕ್ಟ್ ಇದೆ, ಅದೂ ವ್ಯಕ್ತಿಗಳಿಗೇ. ಹಿರಿಯ ನಾಗರಿಕರ ಹೆಚ್ಚಿನ ದರವೂ ಸಂಘಕ್ಕೆ ಸಿಗದು. ಒಬ್ಬ ಹಿರಿಯರ ಹೆಸರಿನಲ್ಲಿಟ್ಟರೆ ಅರ್ಧ ಪರ್ಸೆಂಟ್ ಜಾಸ್ತಿ ಸಿಗುತ್ತೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಆ ಕ್ಷಣದಿಂದ ಅದು ಸಂಘದ ಹಣ ಅಲ್ಲ, ಆ ವ್ಯಕ್ತಿಯ ಹಣ. ಅವರಿಗೇನಾದರೂ ಆದರೆ ವಾರಸುದಾರರ ಹಿಂದೆ ಓಡಬೇಕು.

ಇನ್ನು ವಿಮೆ. 2020ರ ಫೆಬ್ರವರಿ 4ರವರೆಗೆ ಅದು ಬರೀ 1 ಲಕ್ಷ ಇತ್ತು, ಆಮೇಲೆ 5 ಲಕ್ಷ ಆಯಿತು. ಜನ ತಪ್ಪು ತಿಳಿಯುವುದು ಎರಡು ಕಡೆ. ರಸೀದಿಗೆ 5 ಲಕ್ಷ ಅಲ್ಲ, ಬ್ಯಾಂಕಿಗೆ 5 ಲಕ್ಷ. ಒಂದೇ ಬ್ಯಾಂಕಿನ ಹತ್ತು ಶಾಖೆಗಳಲ್ಲಿ ಹತ್ತು ರಸೀದಿ ಇದ್ದರೂ ಎಲ್ಲ ಸೇರಿಸಿ 5 ಲಕ್ಷ, ಉಳಿತಾಯ ಖಾತೆಯದ್ದೂ ಅದರಲ್ಲೇ ಬರುತ್ತದೆ. ಎರಡನೆಯದು, ಆ 5 ಲಕ್ಷದಲ್ಲಿ ಬಡ್ಡಿಯೂ ಸೇರಿದೆ. ಹಾಗಾಗಿ ಮೇಡಂ ಹೇಳಿದ 5, 4, 4 ರಸೀದಿಗಳು ಮುರಿಸುವುದಕ್ಕೆ ಅನುಕೂಲವೇ ಹೊರತು ವಿಮೆಗೆ ಅದರಿಂದ ಏನೂ ಆಗುವುದಿಲ್ಲ. ಇದನ್ನು ಸಭೆಯಲ್ಲಿ ಬಿಡಿಸಿ ಹೇಳಿ, ಇಲ್ಲದಿದ್ದರೆ ಜನ ಪೂರ್ತಿ 60 ಲಕ್ಷಕ್ಕೂ ವಿಮೆ ಇದೆ ಎಂದುಕೊಳ್ಳುತ್ತಾರೆ.

ಸಿ-204 (ಖಜಾಂಚಿ)

ಒಳ್ಳೆಯದಾಯಿತು ಸರ್. ನನ್ನ ಮಾತಿನಲ್ಲಿ ಅದು ಸ್ಪಷ್ಟವಾಗಿರಲಿಲ್ಲ. ಸೇರಿಸಿಕೊಳ್ಳುತ್ತೇನೆ.

ಡಿ-003

ನನ್ನದೊಂದು ಅನುಭವ ಹೇಳಲೇಬೇಕು. ನಾನು ನಿವೃತ್ತಿಯ ಹಣದಲ್ಲಿ 11 ಲಕ್ಷವನ್ನು ಒಂದು ಪತ್ತಿನ ಸಹಕಾರಿಯಲ್ಲಿಟ್ಟಿದ್ದೆ. ಹೆಸರು ಬೇಡ. ನಮ್ಮ ಬೀದಿಯಲ್ಲೇ ಇತ್ತು, ಹೋದರೆ ಕಾಫಿ ಕೊಟ್ಟು ಕೂರಿಸುತ್ತಿದ್ದರು, ಪ್ರತಿ ತಿಂಗಳು 1ನೇ ತಾರೀಕು ಬಡ್ಡಿ ಬರುತ್ತಿತ್ತು. ಒಂದು ತಿಂಗಳು 1ನೇ ತಾರೀಕು 10 ಆಯಿತು. ಇನ್ನೊಂದು ತಿಂಗಳು ಸಿಸ್ಟಮ್ ಬದಲಾಯಿಸುತ್ತಿದ್ದೇವೆ ಅಂದರು. ಆಮೇಲೆ, ಈಗ ತೆಗೆಯಬೇಡಿ, ರಿನ್ಯೂ ಮಾಡಿದರೆ ಅರ್ಧ ಪರ್ಸೆಂಟ್ ಜಾಸ್ತಿ ಕೊಡುತ್ತೇವೆ ಅಂದರು. ನಾನು ರಿನ್ಯೂ ಮಾಡಿದೆ. ಮೂರು ತಿಂಗಳಿಗೆ ಬಾಗಿಲು ಹಾಕಿತು. ಇಷ್ಟು ವರ್ಷದಲ್ಲಿ 2 ಲಕ್ಷ ಬಂದಿದೆ. ವಿಮೆ ಕೇಳಲು ಹೋದರೆ ಇದು ಬ್ಯಾಂಕೇ ಅಲ್ಲ ಅಂದರು. ಬೋರ್ಡ್ ಮೇಲೆ ಸಹಕಾರಿ ಅಂತ ಇದ್ದದ್ದನ್ನು ನಾನೇ ಬ್ಯಾಂಕ್ ಅಂತ ಓದಿಕೊಂಡಿದ್ದೆ.

ಖಜಾಂಚಿ ಅಮ್ಮನವರು ಬೇಡ ಅಂದದ್ದು ಸರಿ. ಸಭೆಗೆ ನಾನು ಬರುತ್ತೇನೆ, ಬೇಕಾದರೆ ನಾನೇ ಎದ್ದು ಹೇಳುತ್ತೇನೆ.

ಎ-101

ಸರ್, ಕೇಳಿ ಬೇಸರವಾಯಿತು. ಬಡ್ಡಿ ತಡವಾಗುವುದು, ತೆಗೆಯಲು ಬಂದವರಿಗೆ ಜಾಸ್ತಿ ದರ ತೋರಿಸುವುದು, ಇವೆರಡೂ ಸೇರಿದರೆ ಹಣ ಅಲ್ಲಿಂದ ಹೊರಡಬೇಕು.

ಸಹಕಾರ ಬ್ಯಾಂಕ್ ಬೇರೆ, ಪತ್ತಿನ ಸಹಕಾರಿ ಅಥವಾ ಸೌಹಾರ್ದ ಸಹಕಾರಿ ಬೇರೆ. ಮೊದಲನೆಯದಕ್ಕೆ ರಿಸರ್ವ್ ಬ್ಯಾಂಕ್ ಲೈಸೆನ್ಸ್ ಇರುತ್ತದೆ, ವಿಮೆಯೂ ಇರುತ್ತದೆ. ಸಂಶಯ ಬಂದರೆ ವಿಮೆ ಕೊಡುವ ಡಿಐಸಿಜಿಸಿಯ ವೆಬ್‌ಸೈಟಿನಲ್ಲಿ ವಿಮೆ ಇರುವ ಬ್ಯಾಂಕುಗಳ ಪಟ್ಟಿ ಇದೆ, ಹೆಸರು ಅಲ್ಲಿದೆಯಾ ನೋಡಿ.

ಆದರೆ ಲೈಸೆನ್ಸ್ ಇದ್ದರೆ ಸಾಕು ಎಂದೂ ಅಲ್ಲ. 2020ರ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿತು. ಮೊದಲಿಗೆ ಒಬ್ಬರಿಗೆ 35 ಸಾವಿರ ಮಾತ್ರ ತೆಗೆಯಲು ಬಿಟ್ಟರು. ಅದೇ ವರ್ಷ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕಿನಲ್ಲೂ 50 ಸಾವಿರದ ಮಿತಿ ಬಂತು, ಅದು ಎರಡು ವಾರದಲ್ಲಿ ತೆರವಾಯಿತು. ದೊಡ್ಡದಕ್ಕೂ ಸಣ್ಣದಕ್ಕೂ ಇರುವ ವ್ಯತ್ಯಾಸ ಇದೇ. ತೊಂದರೆ ಎಲ್ಲಿ ಬೇಕಾದರೂ ಬರಬಹುದು, ದೊಡ್ಡ ಬ್ಯಾಂಕನ್ನು ಎತ್ತಿ ನಿಲ್ಲಿಸಲು ಬೇಗ ಜನ ಸೇರುತ್ತಾರೆ. ಸ್ಟೇಟ್ ಬ್ಯಾಂಕ್, ಎಚ್‌ಡಿಎಫ್‌ಸಿ, ಐಸಿಐಸಿಐ ಈ ಮೂರನ್ನು ಇಡೀ ದೇಶದ ವ್ಯವಸ್ಥೆಗೇ ಮುಖ್ಯವಾದ ಬ್ಯಾಂಕುಗಳು ಎಂದು ರಿಸರ್ವ್ ಬ್ಯಾಂಕೇ ಗುರುತಿಸಿದೆ. ಅದು ಗ್ಯಾರಂಟಿ ಅಲ್ಲ, ಆದರೆ ಅವುಗಳ ಮೇಲೆ ಕಣ್ಣು ಜಾಸ್ತಿ.

ಸಿ-401

ನನ್ನದು ಬೇರೆ ಲೆಕ್ಕ. ದೊಡ್ಡ ಬ್ಯಾಂಕಿನಲ್ಲಿ 13 ಲಕ್ಷ ಇಟ್ಟರೆ 8 ಲಕ್ಷಕ್ಕೆ ವಿಮೆ ಇಲ್ಲ. ಅದರ ಬದಲು ಮೂರು ಸ್ಮಾಲ್ ಫೈನಾನ್ಸ್ ಬ್ಯಾಂಕುಗಳಲ್ಲಿ 4.6 ಲಕ್ಷದಂತೆ ಒಂದು ವರ್ಷಕ್ಕಿಡಿ. ಶೇ 8 ಕೊಟ್ಟರೂ ಬಡ್ಡಿ ಸೇರಿ 5 ಲಕ್ಷದ ಒಳಗೇ ಇರುತ್ತದೆ. ಆಗ ಪೂರ್ತಿ ವಿಮೆಯೂ ಇದೆ, ಬಡ್ಡಿಯೂ ಜಾಸ್ತಿ. ಇದು ದೊಡ್ಡ ಬ್ಯಾಂಕಿಗಿಂತ ಸುರಕ್ಷಿತ ಅಲ್ವಾ? ಬ್ಯಾಂಕಿಗೆ ನಿರ್ಬಂಧ ಬಿದ್ದರೂ ವಿಮೆಯ ಹಣ 90 ದಿನದೊಳಗೆ ಕೊಡಬೇಕು ಎಂದು 2021ರಲ್ಲಿ ಕಾನೂನೇ ತಿದ್ದಿದ್ದಾರೆ.

ಸಿ-204 (ಖಜಾಂಚಿ)

ನೀವು ಹೇಳುವುದರಲ್ಲಿ ತಪ್ಪಿಲ್ಲ. ನಾನೂ ಲೆಕ್ಕ ಹಾಕಿದೆ. ಮೂರು ಕಡೆ ಸೇರಿ 13.8 ಲಕ್ಷ. ಒಂದೂವರೆ ಪರ್ಸೆಂಟ್ ಜಾಸ್ತಿ ಎಂದರೆ ವರ್ಷಕ್ಕೆ 20,700. 72 ಮನೆಗೆ ಹಂಚಿದರೆ ಒಂದು ಮನೆಗೆ ತಿಂಗಳಿಗೆ 24 ರೂಪಾಯಿ. ಅದರಲ್ಲಿ ತೆರಿಗೆ ಹೋಗುತ್ತದೆ.

ಅದಕ್ಕೆ ಪ್ರತಿಯಾಗಿ ಕೆಲಸ ನೋಡಿ. ಸಮಿತಿ ಬದಲಾದಾಗಲೆಲ್ಲ ಪ್ರತಿ ಬ್ಯಾಂಕಿಗೂ ಹೊಸ ನಿರ್ಣಯದ ಪ್ರತಿ, ಹೊಸ ಸಹಿದಾರರ ಆಧಾರ್, ಪ್ಯಾನ್, ಫೋಟೋ ಕೊಡಬೇಕು. ಹಿಂದಿನವರೂ ಹೊಸಬರೂ ಹೋಗಿ ಸಹಿ ಹಾಕಬೇಕು. ಹೋದ ವರ್ಷ ಒಂದೇ ಬ್ಯಾಂಕಿಗೆ ನನಗೆ ಐದು ಸಲ ಓಡಾಟವಾಯಿತು. ಒಮ್ಮೆ ನಿರ್ಣಯದಲ್ಲಿ ಸಂಘದ ಹೆಸರಿನ ಒಂದು ಅಕ್ಷರ ನೋಂದಣಿ ಪತ್ರದಲ್ಲಿದ್ದ ಹಾಗಿಲ್ಲ ಎಂದು ವಾಪಸ್ ಕಳಿಸಿದರು. ಆರು ಬ್ಯಾಂಕ್ ಆದರೆ ನನ್ನ ನಂತರ ಬರುವವರು ಮಾಡುತ್ತಾರಾ ಅನ್ನುವುದೇ ನನ್ನ ಚಿಂತೆ. ಯಾರೂ ನೋಡದ ಎಫ್‌ಡಿ ಮುಗಿದ ಮೇಲೆ ಸುಮ್ನೆ ಬಿದ್ದಿದ್ದರೆ ಅದಕ್ಕೆ ಉಳಿತಾಯ ಖಾತೆಯ ದರ ಬರುತ್ತದೆ, ಇಲ್ಲವೇ ಎಫ್‌ಡಿಯ ದರ, ಯಾವುದು ಕಡಿಮೆಯೋ ಅದು.

ಭಾನುವಾರ ಇದನ್ನು ಮತಕ್ಕೆ ಹಾಕೋಣ.

ಎ-405

ಎಲ್ಲರೂ ಬ್ಯಾಂಕ್ ಮುಳುಗಿದರೆ ಏನು ಅಂತಲೇ ಮಾತಾಡುತ್ತಿದ್ದೀರಿ. ನಾವು ಮೊದಲಿದ್ದ ಅಪಾರ್ಟ್‌ಮೆಂಟಿನಲ್ಲಿ ಬ್ಯಾಂಕ್ ಚೆನ್ನಾಗಿಯೇ ಇತ್ತು, ಹಣ ಮಾತ್ರ ಇರಲಿಲ್ಲ. ಅಲ್ಲಿನ ಖಜಾಂಚಿ ಪ್ರತಿ ಸಭೆಯಲ್ಲಿ ಎಫ್‌ಡಿ ರಸೀದಿಯ ಜೆರಾಕ್ಸ್ ತೋರಿಸುತ್ತಿದ್ದರು. ಸೀಲು, ಸಹಿ ಎಲ್ಲ ಇತ್ತು. ಮೂರು ರಸೀದಿಗಳಲ್ಲಿ ಎರಡನ್ನು ಯಾವಾಗಲೋ ಮುರಿಸಿ ಆಗಿತ್ತು, ಒಂದರ ಮೇಲೆ ಸಾಲ ತೆಗೆದಿದ್ದರು. ಜೆರಾಕ್ಸ್ ಹಳೆಯದು, ನಿಜವಾದದ್ದೇ. ಆದರೆ ಅದರ ಹಿಂದೆ ಹಣ ಇರಲಿಲ್ಲ.

ಗೊತ್ತಾಗಿದ್ದು ಹೇಗೆ ಅಂದರೆ, ಹೊಸದಾಗಿ ಬಂದ ಒಬ್ಬರು ಸಂಘದ ಪ್ಯಾನ್‌ನಲ್ಲಿ ಆದಾಯ ತೆರಿಗೆ ವೆಬ್‌ಸೈಟಿಗೆ ಲಾಗಿನ್ ಆಗಿ 26ಎಎಸ್, ಅಂದರೆ ಆ ಪ್ಯಾನ್ ಮೇಲೆ ಯಾರು ಎಷ್ಟು ತೆರಿಗೆ ಹಿಡಿದಿದ್ದಾರೆ ಎಂಬ ಪಟ್ಟಿ, ತೆಗೆದು ನೋಡಿದರು. 25 ಲಕ್ಷ ಎಫ್‌ಡಿಯಲ್ಲಿದೆ ಅಂದರೆ ಬಡ್ಡಿ ಒಂದೂವರೆ ಲಕ್ಷದ ಆಸುಪಾಸು ಬರಬೇಕು, ಬ್ಯಾಂಕು ಟಿಡಿಎಸ್ ಹಿಡಿದಿರಬೇಕು. ಅಲ್ಲಿ ಇದ್ದದ್ದು ಒಂದೇ ಸಾಲು, ಅದೂ ಹಿಂದಿನ ವರ್ಷದ್ದು.

ಈಗಿನ ಮೇಡಂ ಬಗ್ಗೆ ನನಗೆ ಒಂದಿಷ್ಟೂ ಅನುಮಾನವಿಲ್ಲ. ಆದರೂ ಈ ವ್ಯವಸ್ಥೆ ಬರವಣಿಗೆಯಲ್ಲಿರಬೇಕು.

ಸಿ-204 (ಖಜಾಂಚಿ)

ಅನುಮಾನ ಪಟ್ಟರೂ ನನಗೆ ಬೇಸರವಿಲ್ಲ. ಇದನ್ನು ನಾನೇ ಮೊದಲು ಬರೆಯಬೇಕಿತ್ತು. ನಿರ್ಣಯದಲ್ಲಿ ಹೀಗೆ ಸೇರಿಸುತ್ತೇನೆ: ಎಲ್ಲ ಎಫ್‌ಡಿಯೂ ಸಂಘದ ಹೆಸರಿನಲ್ಲಿ, ಸಂಘದ ಪ್ಯಾನ್‌ನಲ್ಲಿ ಇರಬೇಕು. ಮುರಿಸಲು ಮೂವರಲ್ಲಿ ಇಬ್ಬರ ಸಹಿ ಬೇಕು. ಎಫ್‌ಡಿ ಮುಗಿದ ಹಣ ಸಂಘದ ಖಾತೆಗೇ ಬರಬೇಕು. ಎಫ್‌ಡಿ ಮೇಲೆ ಸಾಲ ತೆಗೆಯಬೇಕಾದರೆ ಸಾಮಾನ್ಯ ಸಭೆ ಒಪ್ಪಬೇಕು. 26ಎಎಸ್ ಪ್ರತಿಯನ್ನು ಸೂಚನಾ ಫಲಕಕ್ಕೆ ಹಾಕುತ್ತೇನೆ.

ಡಿ-402

ನಾನು ಲೆಕ್ಕ ಪರಿಶೋಧನೆಯ ಕೆಲಸದಲ್ಲಿದ್ದೇನೆ. 26ಎಎಸ್ ಉಪಯೋಗ ಒಳ್ಳೆಯದು, ಆದರೆ ಅದಕ್ಕೊಂದು ಮಿತಿ ಇದೆ. ಒಂದು ಬ್ಯಾಂಕಿನ ಬಡ್ಡಿ ವರ್ಷಕ್ಕೆ 50 ಸಾವಿರ ದಾಟದಿದ್ದರೆ ಟಿಡಿಎಸ್ ಹಿಡಿಯುವುದಿಲ್ಲ, ಆಗ ಅಲ್ಲಿ ಕಾಣಿಸದೇ ಇರಬಹುದು. 13 ಲಕ್ಷಕ್ಕೆ ಶೇ 6.5 ಎಂದರೂ 84 ಸಾವಿರ ಬರುತ್ತದೆ, ಅದು ಕಾಣುತ್ತದೆ. ಸಿ-401 ಅವರು ಹೇಳಿದ 4.6 ಲಕ್ಷದವು ಕಾಣಿಸದೇ ಹೋಗಬಹುದು. ಅಲ್ಲದೆ ಟಿಡಿಎಸ್ ಮೂರು ತಿಂಗಳಿಗೊಮ್ಮೆ ಸೇರುವುದರಿಂದ ಸುದ್ದಿ ತಡವಾಗಿ ಗೊತ್ತಾಗುತ್ತದೆ.

ಅದಕ್ಕಿಂತ ಗಟ್ಟಿಯಾದದ್ದು ಬ್ಯಾಂಕಿನ ಬ್ಯಾಲೆನ್ಸ್ ದೃಢೀಕರಣ ಪತ್ರ. ಮಾರ್ಚ್ 31ಕ್ಕೆ ಯಾವ ಎಫ್‌ಡಿ, ಎಷ್ಟು, ಅದರ ಮೇಲೆ ಸಾಲವೇನಾದರೂ ಇದೆಯೇ ಎಂದು ಬರೆದಿರಬೇಕು. ಅದು ಶಾಖೆಯಿಂದ ನೇರವಾಗಿ ಆಡಿಟರ್ ಕೈಗೆ ಬರಬೇಕು. ಖಜಾಂಚಿ ಮೂಲಕ ಬಂದರೆ ಪ್ರಯೋಜನ ಅರ್ಧ.

ಬಿ-302

ಬಾಂಡ್ ವಿಷಯದಲ್ಲಿ ತಿದ್ದಿದ್ದಕ್ಕೆ ಥ್ಯಾಂಕ್ಸ್ ಅಂಕಲ್. ಇನ್ನೊಂದು ಕೇಳುತ್ತೇನೆ. ಪೇಂಟಿಂಗ್ ಹಣವನ್ನು ಲಿಕ್ವಿಡ್ ಮ್ಯೂಚುಯಲ್ ಫಂಡ್‌ನಲ್ಲಿಡಬಹುದಲ್ಲ? ಅದು ಸಂಘದ ಹೆಸರಿನಲ್ಲೂ ಆಗುತ್ತದೆ. ಮೊದಲ ಒಂದು ವಾರ ಕಳೆದರೆ ದಂಡವಿಲ್ಲದೆ ಯಾವಾಗ ಬೇಕಾದರೂ ತೆಗೆಯಬಹುದು. ನಮಗೆ ಹೇಗಿದ್ದರೂ ತೆರಿಗೆ ಇಲ್ಲವಲ್ಲ, ನಾವು ಲಾಭಕ್ಕಾಗಿ ನಡೆಸುವವರಲ್ಲ.

ಡಿ-402

ತೆರಿಗೆ ಇಲ್ಲ ಅನ್ನುವುದು ತಪ್ಪು. ನಾವು ಕಟ್ಟುವ ಮೇಂಟೆನೆನ್ಸ್‌ಗೆ ತೆರಿಗೆ ಇಲ್ಲ, ಏಕೆಂದರೆ ನಮ್ಮ ದುಡ್ಡು ನಮಗೇ ಖರ್ಚಾಗುತ್ತದೆ. ಬ್ಯಾಂಕ್ ಬಡ್ಡಿ ಹಾಗಲ್ಲ, ಅದು ಹೊರಗಿನವರಿಂದ ಬಂದದ್ದು. ನಮ್ಮ ಊರಿನ ಬೆಂಗಳೂರು ಕ್ಲಬ್ ಇದೇ ವಾದ ಹಿಡಿದು ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ಕ್ಲಬ್ಬಿನ ಸದಸ್ಯರೇ ಆಗಿದ್ದ ಬ್ಯಾಂಕುಗಳಲ್ಲಿ ಎಫ್‌ಡಿ ಇಟ್ಟಿದ್ದೇವೆ, ಹಾಗಾಗಿ ತೆರಿಗೆ ಬೇಡ ಎಂದು ವಾದಿಸಿದರು. 2013ರ ಜನವರಿಯಲ್ಲಿ ಕೋರ್ಟ್ ಒಪ್ಪಲಿಲ್ಲ. ಬ್ಯಾಂಕ್ ಆ ಹಣವನ್ನು ಹೊರಗಿನವರಿಗೆ ಸಾಲ ಕೊಟ್ಟು ದುಡಿಯಿತು, ಅಲ್ಲಿಗೆ ನಮ್ಮ ನಮ್ಮೊಳಗಿನ ವ್ಯವಹಾರ ಅನ್ನುವುದು ಮುಗಿಯಿತು ಎಂದರು. ಆದ್ದರಿಂದ ಬಡ್ಡಿಯಲ್ಲಿ ಒಂದು ಭಾಗವನ್ನು ತೆರಿಗೆಗೆ ಎತ್ತಿಟ್ಟೇ ಲೆಕ್ಕ ಹಾಕಿ.

ಎ-101

ಲಿಕ್ವಿಡ್ ಫಂಡ್ ಕೆಟ್ಟದ್ದಲ್ಲ, ನಾನೂ ಸ್ವಂತಕ್ಕೆ ಇಟ್ಟಿದ್ದೇನೆ. ಆದರೆ ಅದಕ್ಕೆ ವಿಮೆ ಇಲ್ಲ, ಇಷ್ಟೇ ಬರುತ್ತದೆ ಎಂಬ ಮಾತೂ ಇಲ್ಲ. 2020ರ ಏಪ್ರಿಲ್‌ನಲ್ಲಿ ಫ್ರಾಂಕ್ಲಿನ್ ಟೆಂಪಲ್ಟನ್ ಆರು ಸಾಲಪತ್ರ ಫಂಡ್‌ಗಳನ್ನು ಒಂದೇ ದಿನ ನಿಲ್ಲಿಸಿತು. ಅವು ಲಿಕ್ವಿಡ್ ಫಂಡ್ ಅಲ್ಲ, ಹಣವೂ ಆಮೇಲೆ ವಾಪಸ್ ಬಂತು. ಆದರೆ ಪೇಂಟಿಂಗ್ ಗುತ್ತಿಗೆದಾರ ಅಷ್ಟು ದಿನ ಕಾಯುತ್ತಿದ್ದನೇ?

ಬಿ-302

ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಒಂದೇ ದಿನದ ಸಾಲ ಕೊಡುವ ಓವರ್‌ನೈಟ್ ಫಂಡ್ ಇನ್ನೂ ಸುರಕ್ಷಿತ. ನಮ್ಮ ಬೈಲಾದಲ್ಲಿ ಮ್ಯೂಚುಯಲ್ ಫಂಡ್‌ಗೆ ಅವಕಾಶ ಇದೆಯೇ ಎಂದು ನೋಡಿದ್ದೀರಾ ಆಂಟಿ?

ಸಿ-204 (ಖಜಾಂಚಿ)

ನೋಡಿದೆ. ಷೆಡ್ಯೂಲ್ಡ್ ಬ್ಯಾಂಕ್ ಎಂದಷ್ಟೇ ಇದೆ. ಬದಲಿಸಬೇಕಾದರೆ ಬೈಲಾ ತಿದ್ದುಪಡಿಯನ್ನೇ ಸಭೆಗೆ ತರಬೇಕು. ಈ ವರ್ಷಕ್ಕೆ ಅದು ಬೇಡ, ಮುಂದಿನ ವರ್ಷ ನೀವೇ ಸಮಿತಿಗೆ ಬಂದು ಮಂಡಿಸಿ.

ಎ-101

ಮೇಡಂ, ಒಂದು ಬಿಟ್ಟುಹೋಯಿತು. ಎಫ್‌ಡಿ ಮಾಡಿಸುವಾಗ ಅರ್ಜಿಯಲ್ಲಿ ಅವಧಿಗೆ ಮುಂಚೆ ಮುರಿಸಬಹುದೇ ಎಂದು ಓದಿ ನೋಡಿ. ಸ್ವಲ್ಪ ಜಾಸ್ತಿ ದರ ಕೊಟ್ಟು ಮುರಿಸಲು ಬಿಡದ ಎಫ್‌ಡಿಯನ್ನೂ ಮಾರುತ್ತಾರೆ. ಅದರಲ್ಲಿ ನಿಮ್ಮ 5, 4, 4 ಇದ್ದೂ ಇಲ್ಲದ ಹಾಗೆ. ಟ್ರಾನ್ಸ್‌ಫಾರ್ಮರ್ ಸಮಯದಲ್ಲಿ ಒಂದೆರಡು ತಿಂಗಳಿಗೆ ಎಫ್‌ಡಿ ಮೇಲೆ ಸಾಲ ತೆಗೆದಿದ್ದರೂ 61 ಸಾವಿರ ಹೋಗುತ್ತಿರಲಿಲ್ಲ. ಸಾಮಾನ್ಯ ಸಭೆ ಒಪ್ಪಬೇಕು ಎಂದರೆ ತುರ್ತಿಗೆ ಆ ದಾರಿ ಮುಚ್ಚಿದಂತೆ. ಸಮಿತಿಯ ಎಲ್ಲರ ಸಹಿ ಇದ್ದರೆ ಸಾಕು ಎಂದು ಮಾಡಿದರೆ ಹೇಗೆ?

ಎ-405

ಬೇಡ ಸರ್. ನಮ್ಮ ಹಳೆಯ ಅಪಾರ್ಟ್‌ಮೆಂಟಿನಲ್ಲಿ ಸಮಿತಿಯವರ ಸಹಿಯೂ ಇತ್ತು. ಓದದೇ ಹಾಕಿದ್ದರು.

ಸಿ-204 (ಖಜಾಂಚಿ)

ಇಬ್ಬರ ಮಾತೂ ಬರೆದುಕೊಂಡಿದ್ದೇನೆ. ಸಾಲದ ಷರತ್ತು ಮತ್ತು ಸಿ-401 ಅವರ ಸಣ್ಣ ಬ್ಯಾಂಕುಗಳ ವಿಷಯ, ಎರಡನ್ನೂ ಭಾನುವಾರ ಬೇರೆ ಬೇರೆ ಮತಕ್ಕೆ ಹಾಕುತ್ತೇವೆ. ಮುರಿಸಬಹುದಾದ ಎಫ್‌ಡಿಯೇ ಆಗಿರಬೇಕು ಎಂದು ನಿರ್ಣಯದಲ್ಲಿ ಸೇರಿಸಿದೆ.

ಒಂದು ತೊಂದರೆ ಇದೆ. ಮೂವರು ಸಹಿದಾರರಲ್ಲಿ ಬಿ-201 ಅವರು ಮಗಳ ಮನೆಗೆ ಆರು ತಿಂಗಳು ಅಮೆರಿಕಕ್ಕೆ ಹೊರಟಿದ್ದಾರೆ. 14ಕ್ಕೆ 39 ಲಕ್ಷದ ಎಫ್‌ಡಿ ಮುಗಿಯುತ್ತದೆ. ಅಷ್ಟರೊಳಗೆ ಹೊಸ ಸಹಿದಾರರ ಹೆಸರು ಬ್ಯಾಂಕಿನಲ್ಲಿ ಸೇರಬೇಕು. ಹಗಲು ಹೊತ್ತಿನಲ್ಲಿ ಮನೆಯಲ್ಲಿರುವ ಯಾರಾದರೂ ಮುಂದೆ ಬರುತ್ತೀರಾ?

ಡಿ-003

ನಾನು ಬರುತ್ತೇನೆ ಅಮ್ಮ. ಆಧಾರ್, ಪ್ಯಾನ್, ಫೋಟೋ ತೆಗೆದಿಟ್ಟಿದ್ದೇನೆ. ಸಹಿ ಹಾಕುವ ಮುಂಚೆ ಪ್ರತಿ ಕಾಗದವನ್ನೂ ಪೂರ್ತಿ ಓದುತ್ತೇನೆ, ಅದಕ್ಕೆ ಸ್ವಲ್ಪ ಹೊತ್ತು ಕೊಡಿ.